ರಿಪೋರ್ಟಿನಲ್ಲಿ ಏನೂ ಇರಲಿಲ್ಲ

ಅಕ್ಕ-ಭಾವ ಇಗತಪುರಿಯ ಹತ್ತಿರ ಹಸು ಸಾಕುತ್ತಾರೆ. ನಾನು ಮುಂಬೈಯಲ್ಲಿ ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನೋಡಿಕೊಳ್ಳುವವನು. ಹೋದ ವರ್ಷ ಜೂನ್‌ನಲ್ಲಿ ಅವರ ಎಚ್‌ಎಫ್ ಮಿಶ್ರತಳಿ ಹಸು ಗೌರಿಗೆ 105 ಡಿಗ್ರಿ ಜ್ವರ ಬಂತು. ಎರಡನೇ ದಿನ ಕಿವಿಯಿಂದ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟಿನಲ್ಲಿ ಏನೂ ಇರಲಿಲ್ಲ. "ನೆಗೆಟಿವ್ ಬಂದಿದೆ ಭಾವ, ಚಿಂತೆ ಮಾಡಬೇಡಿ" ಎಂದು ಫೋನಿನಲ್ಲಿ ಹೇಳಿದವನು ನಾನೇ.

ಜ್ವರದ ಇಂಜೆಕ್ಷನ್ ಕೊಟ್ಟಾಗ ಕಾವು ಇಳಿಯುತ್ತಿತ್ತು, ಮರುದಿನ ಮತ್ತೆ ಏರುತ್ತಿತ್ತು. ಎಂಟನೇ ದಿನ ಗೌರಿಯ ಕಣ್ಣಿನ ಒಳರೆಪ್ಪೆ ಬಿಳುಚಿಕೊಂಡಿತ್ತು. ಎರಡನೇ ಸಲ ನೋಡಿದ ರಕ್ತದಲ್ಲಿ ಕೆಂಪು ಕಣಗಳ ತುಂಬ ಥೈಲೇರಿಯಾ ಪರಾವಲಂಬಿಗಳು. ಆಗ ಸರಿಯಾದ ಔಷಧಿ ಕೊಟ್ಟರು. ಹತ್ತನೇ ದಿನ ಗೌರಿ ಹೋಯಿತು.

ಇಲ್ಲಿನವರು ಇದಕ್ಕೆ ಗೋಚಿಡ್ ತಾಪ ಅನ್ನುತ್ತಾರೆ. ಗೋಚಿಡ್ ಅಂದರೆ ಉಣ್ಣೆ. ಉಣ್ಣೆ ಕಚ್ಚಿದಾಗ ಒಳಹೊಕ್ಕ ಪರಾವಲಂಬಿ ಮೊದಲು ಬೆಳೆಯುವುದು ದುಗ್ಧಗ್ರಂಥಿಗಳ ಬಿಳಿ ಕಣಗಳಲ್ಲಿ. ಜ್ವರವೂ ಗಂಟೂ ಬರುವುದು ಆಗಲೇ. ಕೆಂಪು ಕಣಗಳಿಗೆ ಅದು ದಾಟುವುದು ಕೆಲವು ದಿನ ಕಳೆದ ಮೇಲೆ. ಹಾಗಾಗಿ ಎರಡನೇ ದಿನದ ರಕ್ತದಲ್ಲಿ ಏನೂ ಕಾಣದಿದ್ದದ್ದು ರೋಗವಿಲ್ಲ ಎಂಬುದಕ್ಕೆ ಸಾಕ್ಷಿಯಾಗಿರಲಿಲ್ಲ. ನಾವು ನೋಡಿದ್ದು ತಪ್ಪು ಜಾಗದಲ್ಲಿ.

ಈ ವರ್ಷ ತುಂಗೆಗೆ ಜ್ವರ ಬಂದಾಗ ನಾನು ಅಲ್ಲೇ ಇದ್ದೆ. ಬೇರೆ ಡಾಕ್ಟರು ಬಂದರು. ಥರ್ಮಾಮೀಟರ್ ಇಡುವ ಮೊದಲೇ ಭುಜದ ಮುಂದೆ ಕೈಯಾಡಿಸಿ, "ಇಲ್ಲಿ ಮುಟ್ಟಿ ನೋಡಿ" ಎಂದರು. ಚರ್ಮದಡಿಯಲ್ಲಿ ದೊಡ್ಡ ನಿಂಬೆಹಣ್ಣಿನಂಥ ಗಂಟು. ಅದಕ್ಕೇ ಸೂಜಿ ಚುಚ್ಚಿ, ಬಂದ ಹನಿಯನ್ನು ಗಾಜಿನ ಮೇಲೆ ಸವರಿ, ಜೀಮ್ಸಾ ಬಣ್ಣ ಹಾಕಿಸಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಬಿಳಿ ಕಣಗಳೊಳಗೆ ನೀಲಿ ಮುದ್ದೆಗಳು, ಅದರಲ್ಲಿ ಕೆನ್ನೇರಳೆ ಚುಕ್ಕಿಗಳು. ಇವಕ್ಕೆ ಕಾಕ್‌ನ ನೀಲಿ ಕಾಯಗಳೆಂದು ಹೆಸರು. ಅದೇ ದಿನದ ರಕ್ತದ ಗಾಜು ಶುಭ್ರವಾಗಿತ್ತು.

ಔಷಧಿ ಬುಪಾರ್ವಾಕ್ವೋನ್, ಕಿಲೋಗೆ ಎರಡೂವರೆ ಮಿಲಿಗ್ರಾಂ. ತುಂಗೆಯ ತೂಕ ಸುಮಾರು 400 ಕಿಲೋ, ಅಂದರೆ 1000 ಮಿಲಿಗ್ರಾಂ. ಮಿಲಿಲೀಟರಿಗೆ 50 ಮಿಲಿಗ್ರಾಂ ಇರುವ ಬಾಟಲಿಯಿಂದ 20 ಮಿಲಿಲೀಟರ್, ಕತ್ತಿನ ಸ್ನಾಯುವಿಗೆ. ಜ್ವರ ಬಿಡದಿದ್ದರೆ ಎರಡು-ಮೂರು ದಿನದ ಮೇಲೆ ಇನ್ನೊಮ್ಮೆ ಕೊಡೋಣ ಎಂದಿದ್ದರು. ಬೇಕಾಗಲಿಲ್ಲ. ಮೂರನೇ ದಿನ ತುಂಗೆ ಮೆಲುಕು ಹಾಕಿತು.

"ಗೌರಿಗೂ ಇದನ್ನೇ ಕೊಟ್ಟಿದ್ದರಲ್ಲ?" ಭಾವ ಕೇಳಿದರು.

"ಔಷಧಿ ಪರಾವಲಂಬಿಯನ್ನು ಕೊಲ್ಲುತ್ತದೆ, ಹೋದ ರಕ್ತವನ್ನು ತಂದುಕೊಡುವುದಿಲ್ಲ" ಎಂದರು ಡಾಕ್ಟರು.

ಪಕ್ಕದ ಮನೆಯ ಡಾಂಗಿ ಹಸುವಿನ ಮೈಮೇಲೂ ಉಣ್ಣೆಗಳಿದ್ದವು. ಅದಕ್ಕೆ ಏನೂ ಆಗಲಿಲ್ಲ. ನಾಟಿ ತಳಿಗಳು ಈ ರೋಗವನ್ನು ಹೆಚ್ಚು ತಡೆದುಕೊಳ್ಳುತ್ತವೆ. ಕಾಯಿಲೆ ಕಾಣಿಸದೆಯೂ ರಕ್ತದಲ್ಲಿ ಪರಾವಲಂಬಿಯನ್ನು ಇಟ್ಟುಕೊಂಡಿರಬಲ್ಲವು. ಭಾವ ಈಗ ಕೊಟ್ಟಿಗೆಯ ಗೋಡೆಯ ಬಿರುಕುಗಳನ್ನು ಮೆತ್ತುತ್ತಿದ್ದಾರೆ, ಉಣ್ಣೆ ಅಡಗುವುದೂ ಮೊಟ್ಟೆಯಿಡುವುದೂ ಅಲ್ಲೇ.

ಹಸುವಿಗೆ ಜ್ವರ ಎಂದು ಅಕ್ಕ ಫೋನ್ ಮಾಡಿದರೆ ನಾನೀಗ ರಿಪೋರ್ಟ್ ಕೇಳುವುದಿಲ್ಲ. ಭುಜದ ಮುಂದೆ ಗಂಟಿದೆಯಾ ಎಂದು ಮೊದಲು ಕೇಳುತ್ತೇನೆ.