ಸಂಜೆ ನಾಲ್ಕರ ಪರೀಕ್ಷೆ

ಹೊಸದುರ್ಗ ತಾಲ್ಲೂಕಿನ ನಮ್ಮೂರ ಮನೆಯಲ್ಲಿ ಕೂತು ಬರೆದ ಆನ್‌ಲೈನ್ ಪರೀಕ್ಷೆಯೊಂದರಿಂದ ನಾನು ಅರ್ಧಕ್ಕೇ ಹೊರಬಿದ್ದೆ. ಕಂಪನಿಯೊಂದರ ನೇಮಕಾತಿಗೆ ಅದು ಮೊದಲ ಮೆಟ್ಟಿಲು. ತೊಂಬತ್ತು ನಿಮಿಷದ ಪರೀಕ್ಷೆ, ಅದು ಮುಗಿದ ಮೇಲೆ ಕ್ಯಾಮೆರಾ ಮುಂದೆ ಕೂತು ಉತ್ತರಿಸಬೇಕಾದ ರೆಕಾರ್ಡೆಡ್ ಸಂದರ್ಶನ. ಪ್ರಶ್ನೆಗಳು ನನಗೆ ಬರುವಂಥವೇ ಆಗಿದ್ದವು. ಹಿಂದಿನ ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು ಅವರು ಕಳಿಸಿದ್ದ ಸಿಸ್ಟಮ್ ಚೆಕ್ ಮಾಡಿದ್ದೆ. ಕ್ಯಾಮೆರಾ, ಮೈಕ್, ನೆಟ್, ಮೂರಕ್ಕೂ ಹಸಿರು ಗುರುತು ಬಂತು. ನೆಮ್ಮದಿಯಿಂದ ಮಲಗಿದೆ.

ಪರೀಕ್ಷೆ ಇದ್ದದ್ದು ಮರುದಿನ ಸಂಜೆ ನಾಲ್ಕಕ್ಕೆ. ರಾತ್ರಿಯ ಆ ಹಸಿರು ಗುರುತು ಸಂಜೆ ನಾಲ್ಕರ ಬಗ್ಗೆ ಏನನ್ನೂ ಹೇಳಿರಲಿಲ್ಲ. ಇದು ನನಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು.

ನಮ್ಮದು ಪಡಸಾಲೆಯ ಮನೆ. ಮೇಜು ಹಾಕಿಕೊಂಡಿದ್ದ ಕೋಣೆಗೆ ಇರುವುದು ಒಂದೇ ಕಿಟಕಿ, ಅದೂ ಪಡುವಣಕ್ಕೆ. ಗೋಡೆಯ ಪ್ಲಗ್ ಹತ್ತಿರವಿರಲೆಂದು ಕಿಟಕಿಗೆ ಬೆನ್ನು ಮಾಡಿ ಕೂತಿದ್ದೆ. ರಾತ್ರಿ ಟ್ಯೂಬ್‌ಲೈಟಿನಲ್ಲಿ ಮುಖ ಚೆನ್ನಾಗಿಯೇ ಕಂಡಿತ್ತು. ಶಿವರಾತ್ರಿಯ ಹಿಂದುಮುಂದಿನ ದಿನಗಳವು. ನಾಲ್ಕು ಗಂಟೆಗೆ ಬಿಸಿಲು ಓರೆಯಾಗಿ ಅದೇ ಕಿಟಕಿಯಿಂದ ಒಳಗೆ ಬಿತ್ತು. ಲ್ಯಾಪ್‌ಟಾಪಿನ ಕ್ಯಾಮೆರಾ ತನ್ನ ಮುಂದಿರುವ ಇಡೀ ದೃಶ್ಯದ ಬೆಳಕನ್ನು ಅಳೆದು ತನ್ನಷ್ಟಕ್ಕೆ ಹೊಂದಿಸಿಕೊಳ್ಳುತ್ತದೆ. ಹಿಂದೆ ಉರಿಯುವ ಕಿಟಕಿ ಇದ್ದರೆ ದೃಶ್ಯದಲ್ಲಿ ಬೆಳಕು ಹೆಚ್ಚಾಯಿತೆಂದು ಎಲ್ಲವನ್ನೂ ಮಬ್ಬು ಮಾಡುತ್ತದೆ. ಆಗ ಕಿಟಕಿ ಸರಿಯಾಗಿ ಕಾಣುತ್ತದೆ, ಮುಂದಿರುವ ಮುಖ ಕಪ್ಪಾಗುತ್ತದೆ. ನನಗೆ ಆದದ್ದೂ ಅದೇ. ಮುಖ ಕಾಣುತ್ತಿಲ್ಲವೆಂಬ ಎಚ್ಚರಿಕೆ ಪರದೆಯ ಮೇಲೆ ಮತ್ತೆ ಮತ್ತೆ ಬಂತು. ನಾನು ಕುರ್ಚಿಯನ್ನು ಅತ್ತಿತ್ತ ಎಳೆದೆ, ಮುಂದಕ್ಕೆ ಬಾಗಿದೆ. ಎದ್ದು ಹೋಗಿ ಕಿಟಕಿ ಮುಚ್ಚುವಂತಿರಲಿಲ್ಲ, ಕುರ್ಚಿ ಬಿಟ್ಟು ಏಳಬಾರದೆಂಬುದು ನಿಯಮ. ಕಿಟಕಿ ಮುಚ್ಚು ಎಂದು ಅವ್ವನನ್ನು ಕೂಗುವಂತೆಯೂ ಇರಲಿಲ್ಲ.

ಆ ಗಡಿಬಿಡಿಯಲ್ಲಿ ಇನ್ನೊಂದು ತಪ್ಪೂ ನಡೆಯಿತು. ಲೆಕ್ಕ ಬಿಡಿಸುವಾಗ ಬಾಯಲ್ಲೇ ಹೇಳಿಕೊಳ್ಳುವುದು ನನಗೆ ಶಾಲೆಯಿಂದ ಬಂದ ರೂಢಿ. ಇಂಥ ಪರೀಕ್ಷೆಯಲ್ಲಿ ಮೈಕ್ ಸದಾ ತೆರೆದಿರುತ್ತದೆ. ತುಟಿ ಅಲುಗುವುದು, ಪಿಸುಮಾತು, ಕಣ್ಣು ಪದೇ ಪದೇ ಒಂದೇ ಕಡೆಗೆ ಜಾರುವುದು, ಇವೆಲ್ಲ ಗುರುತಾಗುತ್ತವೆ. ಪಕ್ಕದಲ್ಲಿರುವ ಯಾರಿಗೋ ಪ್ರಶ್ನೆ ಓದಿ ಹೇಳುತ್ತಿರುವಂತೆಯೇ ಅದು ಕಾಣುವುದು. ಗುರುತಾದದ್ದೆಲ್ಲ ಕಳ್ಳತನವೆಂದಲ್ಲ, ಸಾಮಾನ್ಯವಾಗಿ ಆಮೇಲೆ ಯಾರಾದರೂ ಆ ತುಣುಕನ್ನು ನೋಡಿ ತೀರ್ಮಾನಿಸುತ್ತಾರೆ. ಆದರೆ ಹಾಗೆ ನೋಡುವವರ ಮುಂದೆ ಇರುವುದು ಕಪ್ಪಾದ ಮುಖ, ಪಿಸುಗುಟ್ಟುವ ದನಿ, ಅಷ್ಟೆ. ನನ್ನ ಮನೆಯ ಕಿಟಕಿ ಯಾವ ದಿಕ್ಕಿಗಿದೆ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ಕಚ್ಚಾ ಹಾಳೆಗೆ ಅನುಮತಿ ಇದೆಯೋ ಇಲ್ಲವೋ ಎಂಬುದನ್ನೂ ನಾನು ಸೂಚನೆಗಳಲ್ಲಿ ಸರಿಯಾಗಿ ಓದಿರಲಿಲ್ಲ. ಕೆಲವು ಕಡೆ ಖಾಲಿ ಹಾಳೆಯ ಎರಡೂ ಬದಿಯನ್ನು ಮೊದಲೇ ಕ್ಯಾಮೆರಾಗೆ ತೋರಿಸಿದರೆ ಬಿಡುತ್ತಾರೆ, ಕೆಲವು ಕಡೆ ಬಿಡುವುದೇ ಇಲ್ಲ. ಹಾಳೆ ಇದ್ದಿದ್ದರೆ ಬಾಯಿಲೆಕ್ಕ ತಾನಾಗಿಯೇ ಕಡಿಮೆಯಾಗುತ್ತಿತ್ತು.

ಕೊನೆಗೆ ನನ್ನನ್ನು ಹೊರಹಾಕಿದ್ದು ಇವೆರಡೂ ಅಲ್ಲ, ಒಂದು ಫೋನ್ ಕರೆ.

ಊರಿನ ಮನೆಗೆ ಬ್ರಾಡ್‌ಬ್ಯಾಂಡ್ ಇರಲಿಲ್ಲ. ಮೊಬೈಲಿನ ಹಾಟ್‌ಸ್ಪಾಟ್ ಹಾಕಿಕೊಂಡಿದ್ದೆ. ಫೋನಿನಲ್ಲಿ ಎರಡು ಸಿಮ್. ನೆಟ್ ಒಂದರದು, ಮನೆಮಂದಿಗೆಲ್ಲ ಗೊತ್ತಿರುವ ಹಳೆಯ ನಂಬರು ಇನ್ನೊಂದರದು. ಸದ್ದಾಗದಂತೆ ಫೋನನ್ನು ಸೈಲೆಂಟ್ ಮಾಡಿ, ಕೈಗೆ ಸಿಗದಷ್ಟು ದೂರದ ಗೂಡಿನಲ್ಲಿ ಇಟ್ಟಿದ್ದೆ. ಹಿರಿಯೂರಿನಿಂದ ಅಕ್ಕ ಆ ಹಳೆಯ ನಂಬರಿಗೆ ಕರೆ ಮಾಡಿದಳು. ಎರಡು ಸಿಮ್ಮಿನ ಎಷ್ಟೋ ಫೋನುಗಳಲ್ಲಿ ಎರಡೂ ಸಿಮ್ಮುಗಳು ಒಂದೇ ರೇಡಿಯೊವನ್ನು ಹಂಚಿಕೊಂಡಿರುತ್ತವೆ. ಒಂದರಲ್ಲಿ ಕರೆ ಬಂದರೆ ಇನ್ನೊಂದರ ಡೇಟಾ ಅಷ್ಟು ಹೊತ್ತು ನಿಂತುಬಿಡುತ್ತದೆ. ಸೈಲೆಂಟ್ ಮಾಡಿದರೆ ನಿಲ್ಲುವುದು ಸದ್ದು, ಕರೆಯಲ್ಲ. ನಾನು ಎತ್ತಲಿಲ್ಲವೆಂದು ಅಕ್ಕ ಮತ್ತೆ ಮಾಡಿದಳು. ಪರದೆಯಲ್ಲಿ ಸುತ್ತುವ ಚಕ್ರ ಕಂಡಿತು, ಆಮೇಲೆ ಸಂಪರ್ಕ ಕಡಿದ ಸೂಚನೆ, ಆಮೇಲೆ ಲಾಗಿನ್ ಪುಟ. ಮತ್ತೆ ಒಳಗೆ ಹೋಗಲು ನೋಡಿದಾಗ ಪರೀಕ್ಷೆ ಮುಗಿದಿದೆ ಎಂದಿತ್ತು.

ಅಕ್ಕನ ತಪ್ಪೇನೂ ಇಲ್ಲ. ಪರೀಕ್ಷೆಯ ದಿನ ಎರಡನೆಯ ಸಿಮ್ಮನ್ನು ಸೆಟ್ಟಿಂಗ್ಸಿನಲ್ಲಿ ಆಫ್ ಮಾಡಿದ್ದರೆ ಸಾಕಿತ್ತು.

ಮುಂದಿನ ಅವಕಾಶ ಬಂದಾಗ ಹಿರಿಯೂರಿನ ಅಕ್ಕನ ಮನೆಗೇ ಹೋದೆ. ಅಲ್ಲಿ ಫೈಬರ್ ಸಂಪರ್ಕವಿದೆ. ಆದರೆ ಈ ಸಲ ಹಸಿರು ಗುರುತನ್ನು ನಂಬಲಿಲ್ಲ. ಪರೀಕ್ಷೆ ಇರುವ ಹೊತ್ತಿಗೇ, ಅದೇ ಕುರ್ಚಿಯಲ್ಲಿ, ಅಷ್ಟೇ ಹೊತ್ತು ಹಿಂದಿನ ದಿನಗಳಲ್ಲಿ ಕೂತು ನೋಡಿದೆ. ಮೊದಲು ತಿಳಿದದ್ದು ಬೆಳಕಿನ ವಿಷಯವೇ. ಕಿಟಕಿಗೆ ಮುಖ ಮಾಡಿ ಕೂತು ತೆಳು ಪರದೆ ಎಳೆದರೆ ಮುಖದ ಮೇಲೆ ಹದವಾದ ಬೆಳಕು ಬೀಳುತ್ತದೆ, ಬೇರೆ ದೀಪ ಬೇಕಿಲ್ಲ. ಸೂರ್ಯ ಇಳಿದ ಮೇಲೂ ಪರೀಕ್ಷೆ ಇರುವುದಾದರೆ ದೀಪವನ್ನು ಲ್ಯಾಪ್‌ಟಾಪಿನ ಹಿಂದೆ, ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಇಡಬೇಕು. ಅಕ್ಕನ ಮನೆಯ ಎಲ್‌ಇಡಿ ಬಲ್ಬ್ ಹಾಕಿದಾಗ ವಿಡಿಯೊದಲ್ಲಿ ಅಡ್ಡಗೆರೆಗಳು ಹರಿದಾಡಿದವು. ನಮ್ಮ ಕರೆಂಟು 50 ಹರ್ಟ್ಸಿನದು. ಕ್ಯಾಮೆರಾ 60ಕ್ಕೆ ಹೊಂದಿಕೊಂಡಿದ್ದರೆ ಹೀಗಾಗುತ್ತದೆ. ವಿಂಡೋಸಿನ Camera ಆ್ಯಪ್‌ನ ಸೆಟ್ಟಿಂಗ್ಸಿನಲ್ಲಿ Flicker reduction ಎಂಬಲ್ಲಿ 50 Hz ಆರಿಸಿದ ಮೇಲೆ ಗೆರೆಗಳು ಹೋದವು.

ಇನ್ನು ನೆಟ್. ವೇಗ ಎಷ್ಟಿದೆ ಎಂದರೆ ನಾವೆಲ್ಲ ಹೇಳುವುದು ಡೌನ್‌ಲೋಡ್ ವೇಗವನ್ನು. ಕ್ಯಾಮೆರಾ ಕೆಲಸಕ್ಕೆ ಬೇಕಾದದ್ದು ಅಪ್‌ಲೋಡ್. fast.com ತೆರೆದರೆ ದೊಡ್ಡದಾಗಿ ಕಾಣುವುದು ಡೌನ್‌ಲೋಡ್. Show more info ಒತ್ತಿದರೆ ಮಾತ್ರ ಅಪ್‌ಲೋಡ್ ಕಾಣುತ್ತದೆ. ರೆಕಾರ್ಡೆಡ್ ಸಂದರ್ಶನದಲ್ಲಿ ಪ್ರಶ್ನೆ ಪರದೆಯ ಮೇಲೆ ಬರುತ್ತದೆ, ಯೋಚಿಸಲು ಒಂದಿಷ್ಟು ಸೆಕೆಂಡು, ಆಮೇಲೆ ನಿಗದಿತ ಹೊತ್ತಿನಲ್ಲಿ ಉತ್ತರ. ಉತ್ತರ ಎರಡು ನಿಮಿಷದ್ದು, ವಿಡಿಯೊ ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕದಲ್ಲಿ ದಾಖಲಾಗುತ್ತದೆ ಎಂದುಕೊಳ್ಳಿ. ಒಟ್ಟು 240 ಮೆಗಾಬಿಟ್, ಅಂದರೆ 30 ಎಂಬಿ. ನಿಮ್ಮ ಅಪ್‌ಲೋಡ್ ವೇಗ 1 ಎಂಬಿಪಿಎಸ್ ಆಗಿದ್ದರೆ ಎರಡು ನಿಮಿಷದ ಆ ಉತ್ತರ ಅತ್ತ ತಲುಪಲು ನಾಲ್ಕು ನಿಮಿಷ ಬೇಕು. ಮಾತು ಮುಗಿಯಿತೆಂದು ಪುಟ ಮುಚ್ಚಿದರೆ ಉತ್ತರದ ಬಾಲ ಇಲ್ಲೇ ಉಳಿದುಹೋಗಬಹುದು. ಉತ್ತರ ಸೇರಿತೆಂಬ ಸೂಚನೆ ಬರುವವರೆಗೆ ಕೂತಲ್ಲೇ ಕಾಯುವುದು ಒಳ್ಳೆಯದು.

ವೇಗಕ್ಕಿಂತಲೂ ನನ್ನನ್ನು ಕಾಡಿದ್ದು ಕಡಿತ. ಒಂದು ಗಳಿಗೆಯ ಸ್ಪೀಡ್ ಟೆಸ್ಟಿನಲ್ಲಿ ಅದು ಸಿಗುವುದಿಲ್ಲ. ಪರೀಕ್ಷೆಯ ಹೊತ್ತಿಗೆ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಓಡಿಸಿ ನೋಡಬೇಕು:

```
ping -n 300 8.8.8.8
```

ಸೆಕೆಂಡಿಗೆ ಒಂದರಂತೆ ಸುಮಾರು ಐದು ನಿಮಿಷ ಇದು ಓಡುತ್ತದೆ. ಕೊನೆಯ ಸಾಲುಗಳಲ್ಲಿ Lost ಎಂಬಲ್ಲಿ ಸೊನ್ನೆ ಅಥವಾ ಒಂದೆರಡು ಇದ್ದರೆ ಚಿಂತೆಯಿಲ್ಲ. ನಡುವೆ ಸಾಲುಸಾಲಾಗಿ Request timed out ಬಂದರೆ ವೇಗ ಎಷ್ಟೇ ಇರಲಿ, ಆ ಜಾಗ ಅಥವಾ ಆ ಹೊತ್ತು ಸರಿಯಿಲ್ಲ. ಊರಿನ ಮನೆಯಲ್ಲಿ ಆಮೇಲೊಮ್ಮೆ ಹೀಗೆ ನೋಡಿದಾಗ ರಾತ್ರಿ ಶುದ್ಧವಾಗಿದ್ದದ್ದು ಸಂಜೆ ಹರಿದುಹರಿದು ಬರುತ್ತಿತ್ತು. ಸಂಜೆ ಎಲ್ಲರೂ ಫೋನ್ ಹಿಡಿಯುತ್ತಾರೆ, ಟವರ್ ಒಂದೇ.

ಅಕ್ಕನ ಮನೆಯಲ್ಲಿ ಪಿಂಗ್ ಓಡುತ್ತಿದ್ದಾಗಲೇ ಕರೆಂಟು ಹೋಯಿತು. ದೀಪ ಆರಲಿಲ್ಲ, ಫ್ಯಾನ್ ನಿಲ್ಲಲಿಲ್ಲ, ಇನ್ವರ್ಟರ್ ಇದೆ. ಲ್ಯಾಪ್‌ಟಾಪಿಗೆ ಬ್ಯಾಟರಿಯೂ ಇದೆ. ಆದರೂ ಪಿಂಗ್ ನಿಂತಿತು. ಭಾವ ರೂಟರಿನ ಹತ್ತಿರ ಹೋಗಿ ನೋಡಿ, “ಈ ಪ್ಲಗ್ಗಿಗೆ ಇನ್ವರ್ಟರ್ ಲೈನ್ ಕೊಟ್ಟಿಲ್ಲ ಕಣಮ್ಮ. ದೀಪಕ್ಕೂ ಫ್ಯಾನಿಗೂ ಮಾತ್ರ ಎಳೆಸಿದ್ದು” ಅಂದರು. ನಮ್ಮ ಕಡೆಯ ಎಷ್ಟೋ ಮನೆಗಳ ವೈರಿಂಗ್ ಹೀಗೇ ಇರುತ್ತದೆ. ಕರೆಂಟು ಬಂದ ಮೇಲೂ ರೂಟರ್ ಎದ್ದು ನೆಟ್ ಹಿಡಿಯಲು ಒಂದೆರಡು ನಿಮಿಷ ತೆಗೆದುಕೊಳ್ಳುತ್ತದೆ. ಪರೀಕ್ಷೆಯ ಗಡಿಯಾರ ಅಷ್ಟು ಹೊತ್ತು ನಿಮಗಾಗಿ ನಿಲ್ಲುತ್ತದೆಂಬ ಭರವಸೆಯಿಲ್ಲ. ಇನ್ವರ್ಟರ್ ಇರುವ ಪಾಯಿಂಟಿನಿಂದ ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದು ರೂಟರಿಗೆ ಕೊಟ್ಟೆವು. ಇನ್ವರ್ಟರ್ ಇಲ್ಲದ ಮನೆಯವರು ರೂಟರಿಗೆಂದೇ ಮಾರುವ 12 ವೋಲ್ಟಿನ ಸಣ್ಣ ಯುಪಿಎಸ್ ಹಾಕಿಕೊಳ್ಳಬಹುದು, ಅಡಾಪ್ಟರಿನ ಮೇಲೆ ಬರೆದ ವೋಲ್ಟೇಜ್ ನೋಡಿ ತರಬೇಕು ಅಷ್ಟೆ. ಬೆಸ್ಕಾಂನವರು ಪತ್ರಿಕೆಗೆ ಕೊಡುವ ವಿದ್ಯುತ್ ವ್ಯತ್ಯಯದ ಪ್ರಕಟಣೆಯನ್ನು ಆ ವಾರವಿಡೀ ಓದಿದೆ. ಹಿರಿಯೂರಿಗೆ ಹೇಳಿದ ದಿನ ಚಿತ್ರದುರ್ಗಕ್ಕೋ ಹೊಳಲ್ಕೆರೆಗೋ ಹೇಳಿರುವುದಿಲ್ಲ. ಬೇಕಾದರೆ ಬಸ್ಸು ಹತ್ತಿ ಜಾಗ ಬದಲಿಸಲು ಅದು ಸಾಕು.

ಇವನ್ನೆಲ್ಲ ಬರೆಯುವಾಗ ಒಂದು ಸಂಕಟವೂ ಇದೆ. ಪರದೆ ಇರುವ ಕಿಟಕಿ, ಫೈಬರ್, ಇನ್ವರ್ಟರ್, ಸದ್ದಿಲ್ಲದ ಕೋಣೆ ಎಲ್ಲರಿಗೂ ಇರುವುದಿಲ್ಲ. 2020ರ ಸೆಪ್ಟೆಂಬರ್ 12ರಂದು ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ತನ್ನ ಪ್ರವೇಶಕ್ಕೆ ಎನ್‌ಎಲ್‌ಎಟಿ ಎಂಬ ಪರೀಕ್ಷೆಯನ್ನು, ವಿದ್ಯಾರ್ಥಿಗಳು ಮನೆಯಲ್ಲೇ ಕೂತು ಬರೆಯುವಂತೆ ನಡೆಸಿತು. ತಾಂತ್ರಿಕ ತೊಂದರೆಯಾದವರಿಗೆ 14ರಂದು ಮರುಪರೀಕ್ಷೆಯನ್ನೂ ಇಟ್ಟಿತು. ಸೆಪ್ಟೆಂಬರ್ 21ರಂದು ಸುಪ್ರೀಂ ಕೋರ್ಟ್ ಆ ಪ್ರವೇಶ ಪ್ರಕಟಣೆಯನ್ನೇ ರದ್ದು ಮಾಡಿ, ಕ್ಲ್ಯಾಟ್ ಮೂಲಕವೇ ಸೇರಿಸಿಕೊಳ್ಳುವಂತೆ ಹೇಳಿತು. ಮನೆಯಲ್ಲಿ ಬೇಕಾದ ಸೌಲಭ್ಯ ಇಲ್ಲದವರ ಪ್ರಶ್ನೆಯೂ ಆ ವಾದದಲ್ಲಿತ್ತು. ನೇಮಕಾತಿಯ ಪರೀಕ್ಷೆಗಳನ್ನು ಹಾಗೆ ಪ್ರಶ್ನಿಸುವವರು ಕಡಿಮೆ. ಅವಕಾಶವಿದ್ದರೆ ಪರೀಕ್ಷಾ ಕೇಂದ್ರವನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಅಲ್ಲಿ ಕರೆಂಟು ಹೋದರೆ ಅದು ಅವರ ಜವಾಬ್ದಾರಿ, ಮನೆಯಲ್ಲಿ ಹೋದರೆ ಅದನ್ನು ನಾವೇ ರುಜುವಾತು ಮಾಡಬೇಕು.

ರುಜುವಾತು ಎಂದಾಗ ಮೊದಲ ಪರೀಕ್ಷೆಯ ದಿನ ಇನ್ನೂ ಚುಚ್ಚುತ್ತದೆ. ಲಾಗಿನ್ ಪುಟ ಬಂದ ಮೇಲೆ ನಾನು ಅಳುತ್ತಾ ಕೂತೆ. ಸಹಾಯವಾಣಿಗೆ ಬರೆದದ್ದು ಮರುದಿನ, ಅದೂ ನೆಟ್ ಹೋಯಿತು ಎಂಬ ಒಂದೇ ಸಾಲು. ಅವರು ವಿನಯದಿಂದಲೇ ಇಲ್ಲವೆಂದರು. ಸಂಪರ್ಕ ಕಡಿದ ಕೂಡಲೇ ಮಾಡಬೇಕಾದದ್ದು ಬೇರೆ: ಗಂಟೆ ಕಾಣುವಂತೆ ಪರದೆಯ ಫೋಟೊ, ಫೋನಿನ ಕರೆಪಟ್ಟಿಯ ಸ್ಕ್ರೀನ್‌ಶಾಟ್, ಯಾವ ಪ್ರಶ್ನೆಯಲ್ಲಿದ್ದಾಗ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಏನು ಕಂಡಿತೆಂಬ ನಾಲ್ಕು ಸಾಲು, ಇವನ್ನು ನೋಂದಣಿ ಸಂಖ್ಯೆಯೊಂದಿಗೆ ಆ ಗಂಟೆಯೊಳಗೇ ಕಳಿಸಿ ದೂರಿನ ಸಂಖ್ಯೆ ಪಡೆಯುವುದು. ಅವರ ಸರ್ವರಿನಲ್ಲಿಯೂ ಕಡಿತದ ಹೊತ್ತು ದಾಖಲಾಗಿರುತ್ತದೆ. ನಾವು ಬರೆದ ನಿಮಿಷ ಅದಕ್ಕೆ ತಾಳೆಯಾದರೆ ಮರುಪರೀಕ್ಷೆ ಕೇಳಲು ಒಂದು ಆಧಾರವಾದರೂ ಸಿಗುತ್ತದೆ.