ಸತ್ತ ರೌಟರ್, ನೂರು ಪರ್ಸೆಂಟ್

ಗುಂಡ್ಲುಪೇಟೆಯಲ್ಲಿ ನಮ್ಮ ಗೆಳೆಯನ ಸೋದರಮಾವನದು ಒಂದು ಜೆರಾಕ್ಸ್ ಅಂಗಡಿ ಇದೆ. ಜೆರಾಕ್ಸ್ ಅನ್ನೋದು ಬೋರ್ಡಿಗೆ ಮಾತ್ರ. ಅಲ್ಲಿ ನಿಜವಾಗಿ ನಡೆಯೋದು ಪಹಣಿ ಪ್ರಿಂಟು, ಆಧಾರ್ ಲಿಂಕು, ಸ್ಕಾಲರ್‌ಶಿಪ್ ಅರ್ಜಿ, ಇಂಥವೇ. ಅಂದರೆ ಅಂಗಡಿ ನಡೆಯೋದು ಇಂಟರ್ನೆಟ್ ಮೇಲೆ. ಆ ಇಂಟರ್ನೆಟ್ ಬರೋದು ಗೋಡೆಯ ಮೊಳೆಗೆ ನೇತುಹಾಕಿರುವ ಒಂದು ಹಳೇ ಬಿಳಿ ರೌಟರ್‌ನಿಂದ. ಹೋದ ವರ್ಷ ಒಂದು ಶನಿವಾರ ಸಂಜೆ ಆ ರೌಟರನ್ನು ನಾವು ಕೊಂದೆವು.

ನಾವು ಅಂದರೆ ಒಂದೇ ರೂಮಿನ ಮೂವರು. ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಬಸ್ಸು ಹತ್ತಿ ಹೋಗಿದ್ದು ಊಟಕ್ಕೆ. ಊಟ ಆದಮೇಲೆ ಮಾವ "ವೈಫೈ ಆಗಾಗ ನಿಂತೋಯ್ತದೆ, ನೀವು ಎಲೆಕ್ಟ್ರಾನಿಕ್ಸ್ ಓದೋರಲ್ವಾ, ಸ್ವಲ್ಪ ನೋಡಿ" ಅಂದರು. ಎರಡನೇ ವರ್ಷದವರಿಗೆ ಯಾರಾದರೂ ಹೀಗೆ ಅಂದರೆ ಏನಾಗುತ್ತೆ ಅಂತ ಓದುಗರಿಗೆ ಗೊತ್ತು. ರೌಟರ್ ಟಿಪಿ-ಲಿಂಕ್ ಕಂಪನಿಯ TL-WR841N, ಒಂಬತ್ತನೇ ವರ್ಶನ್. ಅದರ ಫರ್ಮ್‌ವೇರ್ ಹಳೇದಿತ್ತು. ಹೊಸದನ್ನು ಇಳಿಸಿಕೊಂಡು, ಮಾವನ ಕಂಪ್ಯೂಟರಿನಿಂದ ಅಪ್‌ಡೇಟ್ ಬಟನ್ ಒತ್ತಿದೆವು. ಪರದೆ ಮೇಲೆ ಪಟ್ಟಿ ಓಡತೊಡಗಿತು. ನಲವತ್ತರ ಹತ್ತಿರ ಬಂದಾಗ ಕರೆಂಟು ಹೋಯಿತು.

ಕಂಪ್ಯೂಟರಿಗೆ ಯುಪಿಎಸ್ ಇತ್ತು, ಅದು ಉಳಿಯಿತು. ರೌಟರ್‌ನ ಪ್ಲಗ್ ಮಾತ್ರ ನೇರ ಗೋಡೆಯ ಬೋರ್ಡಿಗೆ. ಅದರ ದೀಪಗಳೆಲ್ಲ ಆರಿದವು. ಆದರೆ ಪರದೆಯಲ್ಲಿ ಪಟ್ಟಿ ನಿಲ್ಲಲಿಲ್ಲ! ಐವತ್ತು, ಎಪ್ಪತ್ತು, ನೂರು. ಸತ್ತ ರೌಟರ್‌ನ ಅಪ್‌ಡೇಟ್ ಯಶಸ್ವಿಯಾಗಿ ಮುಗಿಯುತ್ತಿರೋದನ್ನ ನಾವು ಮೂವರೂ ಬಾಯಿ ಬಿಟ್ಟುಕೊಂಡು ನೋಡಿದೆವು. ಆ ಪಟ್ಟಿ ಬ್ರೌಸರ್ ಒಳಗಿನ ಬರೀ ಒಂದು ಟೈಮರ್ ಅಂತ ಅವತ್ತು ತಿಳಿಯಿತು. ಬರೆಯುವ ಕೆಲಸಕ್ಕೆ ಸುಮಾರು ಇಷ್ಟು ಹೊತ್ತು ಬೇಕು ಅಂತ ಒಂದು ಲೆಕ್ಕ ಹಾಕಿ ಓಡಿಸುತ್ತಾರೆ ಅಷ್ಟೆ. ಒಳಗೆ ಏನಾಗುತ್ತಿದೆ ಅಂತ ಅದಕ್ಕೆ ಗೊತ್ತಿರಲ್ಲ.

ಕರೆಂಟು ವಾಪಸ್ ಬಂದಾಗ ಪವರ್ ದೀಪ ಹತ್ತಿತು. ವೈಫೈ ದೀಪ ಹತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಎಲ್ಲ ದೀಪ ಒಂದು ಸಲ ಮಿಣುಕಿ ಮತ್ತೆ ಮೊದಲಿನಿಂದ ಶುರು. ಮತ್ತೆ ಹಾಗೇ.

"ಸುಟ್ಟಾಕ್ಬುಟ್ರೇನಪ್ಪ ಅದನ್ನ?" ಅಂದರು ಮಾವ. ಬೈಯಲಿಲ್ಲ, ಅದೇ ಕಷ್ಟ. ಸೋಮವಾರ ಸ್ಕಾಲರ್‌ಶಿಪ್ ಅರ್ಜಿಗೆ ಕೊನೇ ದಿನ ಅಂತ ಭಾನುವಾರ ಬೆಳಗ್ಗೆ ಬರೋಕೆ ಏಳೆಂಟು ಹುಡುಗರಿಗೆ ಅವರು ಹೇಳಿದ್ದರು.

ಸುಟ್ಟಿರಲಿಲ್ಲ. ಏನಾಗಿತ್ತು ಅಂತ ಹೇಳಬೇಕಾದರೆ ಫರ್ಮ್‌ವೇರ್ ಎಲ್ಲಿ ಕೂತಿರುತ್ತೆ ಅಂತ ಹೇಳಬೇಕು. (ಫರ್ಮ್‌ವೇರ್‌ಗೆ ಕನ್ನಡದಲ್ಲಿ ಏನು ಅಂತ ಕ್ಲಬ್ಬಿನ ಗ್ರೂಪಲ್ಲಿ ಕೇಳಿದೆವು. ಹನ್ನೊಂದು ಉತ್ತರ ಬಂತು, ಒಂದೂ ಬಾಯಿಗೆ ಕೂರಲಿಲ್ಲ. ಫರ್ಮ್‌ವೇರ್ ಅಂತಲೇ ಇರಲಿ.) ಈ ರೌಟರ್ ಒಳಗೆ ಉಗುರಿನಷ್ಟು ದೊಡ್ಡ ಒಂದು ಫ್ಲಾಶ್ ಚಿಪ್ ಇದೆ, ಒಟ್ಟು 4 ಎಂಬಿ. ಫೋನಲ್ಲಿ ತೆಗೆದ ಒಂದು ಫೋಟೋ ಹಿಡಿಸೋ ಜಾಗ. ಅಷ್ಟರಲ್ಲೇ ನಾಲ್ಕು ಕೋಣೆ. ಮೊದಲ 128 ಕೆಬಿಯಲ್ಲಿ ಬೂಟ್‌ಲೋಡರ್, ಅಂದರೆ ಕರೆಂಟು ಬಂದ ಕೂಡಲೇ ಮೊದಲು ಏಳುವ ಚಿಕ್ಕ ಪ್ರೋಗ್ರಾಂ. ಆಮೇಲೆ ದೊಡ್ಡ ಜಾಗದಲ್ಲಿ ಲಿನಕ್ಸ್ ಕರ್ನಲ್ ಮತ್ತು ಅದರ ಫೈಲುಗಳು. ಕೊನೆಯಲ್ಲಿ 64 ಕೆಬಿಯ ಎರಡು ತುಂಡು. ಒಂದರಲ್ಲಿ ನಮ್ಮ ಸೆಟ್ಟಿಂಗು, ಇನ್ನೊಂದರಲ್ಲಿ ಆ ರೌಟರ್‌ನ ರೇಡಿಯೋಗೆ ಫ್ಯಾಕ್ಟರಿಯಲ್ಲಿ ಅಳೆದು ಬರೆದ ಅಂಕಿಗಳು.

ಫ್ಲಾಶ್ ಮೇಲೆ ಬರೆಯೋದು ನೋಟ್‌ಬುಕ್ಕಲ್ಲಿ ಬರೆದ ಹಾಗಲ್ಲ. ಇದು ಸ್ಲೇಟು, ಅದೂ ಒಂದು ಅಕ್ಷರ ಮಾತ್ರ ಅಳಿಸೋಕಾಗದ ಸ್ಲೇಟು. ಅಳಿಸಿದಾಗ ಎಲ್ಲ ಬಿಟ್‌ಗಳೂ 1 ಆಗುತ್ತವೆ. ಬರೆಯೋದು ಅಂದರೆ ಬೇಕಾದ ಕಡೆ 1 ಅನ್ನು 0 ಮಾಡೋದು. 0 ಅನ್ನು ಮತ್ತೆ 1 ಮಾಡಬೇಕಾದರೆ ಇಡೀ ಬ್ಲಾಕನ್ನೇ ಅಳಿಸಬೇಕು. ಒಂದು ಬ್ಲಾಕು 64 ಕೆಬಿ ಅಂತ ಹಿಡಿದರೆ ಈ ರೌಟರ್‌ನ ಫರ್ಮ್‌ವೇರ್ ಜಾಗ ಸರಿಯಾಗಿ 60 ಬ್ಲಾಕು.

ಈಗ ಅಪ್‌ಡೇಟ್ ಹೇಗೆ ನಡೆಯುತ್ತೆ ನೋಡಿ. ಮೊದಲು ಹೊಸ ಫೈಲು ಪೂರ್ತಿ ರೌಟರ್‌ನ ರ್‍ಯಾಮ್‌ಗೆ ಬರುತ್ತೆ. ಅಲ್ಲೇ ಫೈಲಿನ ತಲೆಬರಹ ಓದಿ, ಇದು ಇದೇ ಮಾಡೆಲ್ಲಿಗೆ ಸೇರಿದ್ದಾ, ದಾರಿಯಲ್ಲಿ ಕೆಟ್ಟಿಲ್ಲವಾ ಅಂತ ಚೆಕ್‌ಸಮ್ ನೋಡುತ್ತೆ. ಇಲ್ಲಿವರೆಗೆ ಪ್ಲಗ್ ಕಿತ್ತರೂ ಏನೂ ಆಗಲ್ಲ, ಫ್ಲಾಶ್ ಮುಟ್ಟೇ ಇಲ್ಲ. ಅಪಾಯ ಇರೋದು ಇದಾದಮೇಲೆ. ಒಂದು ಬ್ಲಾಕ್ ಅಳಿಸು, ಹೊಸದು ಬರೆ, ಮುಂದಿನದು ಅಳಿಸು, ಬರೆ. ಸುಮಾರು ಒಂದು ನಿಮಿಷ. ಈ ನಿಮಿಷದಲ್ಲಿ ಹಳೇದು ಅರ್ಧ ಹೋಗಿದೆ, ಹೊಸದು ಅರ್ಧ ಬಂದಿದೆ. ಹೊಸ ಪ್ರತಿ ಪೂರ್ತಿ ಇರೋದು ರ್‍ಯಾಮಲ್ಲಿ ಮಾತ್ರ, ಕರೆಂಟು ಹೋದರೆ ಅದೂ ಮಾಯ. ಇನ್ನೊಂದು ಪ್ರತಿ ಪಕ್ಕದಲ್ಲಿ ಇಟ್ಟುಕೊಳ್ಳೋಣ ಅಂದರೆ 4 ಎಂಬಿಯಲ್ಲಿ ಜಾಗ ಇಲ್ಲ.

ನಮ್ಮದರಲ್ಲಿ ಬಹುಶಃ ಕರ್ನಲ್ ಹೊಸದಾಗಿ ಬರೆದಾಗಿತ್ತು, ಅದು ಎದ್ದು ಫೈಲುಗಳನ್ನು ಹುಡುಕಿದರೆ ಸಿಕ್ಕಿದ್ದು ಅರ್ಧ ಹೊಸದು ಅರ್ಧ ಹಳೇದು. ಏನೂ ತೋಚದೆ ರೀಸ್ಟಾರ್ಟ್. ಮತ್ತೆ ಮತ್ತೆ ದೀಪ ಮಿಣುಕುತ್ತಿದ್ದದ್ದು ಅದಕ್ಕೆ. ಇದು ಕೆಟ್ಟ ಸುದ್ದಿ ಥರ ಕಂಡರೂ ಒಳ್ಳೇ ಸುದ್ದಿ. ರೀಸ್ಟಾರ್ಟ್ ಆಗ್ತಿದೆ ಅಂದರೆ ಬೂಟ್‌ಲೋಡರ್ ಬದುಕಿದೆ.

ಈ ಮಾಡೆಲ್ಲಿನ ಬೂಟ್‌ಲೋಡರ್‌ಗೆ ಒಂದು ಅಭ್ಯಾಸ ಇದೆ. ರೀಸೆಟ್ ಬಟನ್ ಒತ್ತಿ ಹಿಡಿದುಕೊಂಡೇ ಪವರ್ ಕೊಟ್ಟು, ಬೀಗದ ಚಿತ್ರದ ದೀಪ ಹತ್ತುವ ತನಕ ಬಿಡದಿದ್ದರೆ, ಅದು ತಾನೇ 192.168.0.86 ಅನ್ನೋ ವಿಳಾಸ ಹಾಕಿಕೊಂಡು, 192.168.0.66 ರಲ್ಲಿ ಇರುವ ಕಂಪ್ಯೂಟರನ್ನು ಟಿಎಫ್‌ಟಿಪಿ ಮೂಲಕ ಒಂದು ಫೈಲು ಕೇಳುತ್ತೆ. ಫೈಲಿನ ಹೆಸರು `wr841nv9_tp_recovery.bin` ಅಂತಲೇ ಇರಬೇಕು. ನಮ್ಮ ಲ್ಯಾಪ್‌ಟಾಪಲ್ಲಿ ಲ್ಯಾನ್ ಪೋರ್ಟ್ ಇಲ್ಲ, ಹಾಗಾಗಿ ಮಾವನ ಕಂಪ್ಯೂಟರಿಗೇ ಆ 66ರ ವಿಳಾಸ ಕೊಟ್ಟು, ಟಿಎಫ್‌ಟಿಪಿ ಸರ್ವರ್ ಹಾಕಿ, ರೌಟರ್‌ನ ಹಳದಿ ಪೋರ್ಟಿಗೆ ವೈರು ಚುಚ್ಚಿದೆವು.

ಮೊದಲ ಸಲ ಬೀಗದ ದೀಪ ಹತ್ತಿತು, ಆರಿತು, ಏನೂ ಆಗಲಿಲ್ಲ. ರೌಟರ್ ಕೇಳಿತ್ತು, ವಿಂಡೋಸ್ ಫೈರ್‌ವಾಲ್ ಬಾಗಿಲಲ್ಲೇ ತಡೆದಿತ್ತು. ಅದನ್ನು ಸ್ವಲ್ಪ ಹೊತ್ತು ಆಫ್ ಮಾಡಿ ಎರಡನೇ ಸಲ ಕೊಟ್ಟೆವು. ಫೈಲು ಪೂರ್ತಿ ಹೋಯಿತು ಅಂತ ಸರ್ವರ್ ಕಿಟಕಿಯಲ್ಲಿ ಬಂತು. ಎರಡು ನಿಮಿಷ ಕಾದೆವು. ಈ ಸಲ ರೌಟರ್ ಮಿಣುಕೋದನ್ನೂ ಬಿಟ್ಟಿತು.

ಆಗ ಹೊಟ್ಟೆಯೊಳಗೆ ಆದದ್ದನ್ನು ಬರೆಯೋದು ಬೇಡ. ಒಬ್ಬ ಹೊಸ ರೌಟರಿಗೆ ಎಷ್ಟು ಅಂತ ಮೊಬೈಲಲ್ಲಿ ನೋಡತೊಡಗಿದ. ಇನ್ನೊಬ್ಬ ಸುಮ್ಮನೆ ಫೈಲಿನ ಸೈಜು ನೋಡುತ್ತಾ ಕೂತಿದ್ದ. 40,63,744 ಬೈಟು. ಫರ್ಮ್‌ವೇರ್ ಕೂರುವ ಜಾಗ 60 ಬ್ಲಾಕು, ಅಂದರೆ 39,32,160 ಬೈಟು. ಫೈಲೇ ಜಾಗಕ್ಕಿಂತ ದೊಡ್ಡದು! ವ್ಯತ್ಯಾಸ 1,31,584. ಅದರಲ್ಲಿ 1,31,072 ಬೈಟು ಅಂದರೆ ಸರಿಯಾಗಿ 128 ಕೆಬಿ, ಮಿಕ್ಕಿದ್ದು 512.

ಕಂಪನಿಯ ಫೈಲಿನ ಹೆಸರಲ್ಲೇ `boot` ಅಂತ ಇತ್ತು, ನಾವು ಓದಿರಲಿಲ್ಲ. ಅಂಥ ಫೈಲಿನಲ್ಲಿ ಮೊದಲು 512 ಬೈಟಿನ ತಲೆಬರಹ, ಆಮೇಲೆ 128 ಕೆಬಿ ಬೂಟ್‌ಲೋಡರ್, ಆಮೇಲೆ ನಿಜವಾದ ಫರ್ಮ್‌ವೇರ್. ವೆಬ್ ಪೇಜಿನಿಂದ ಅಪ್‌ಡೇಟ್ ಮಾಡುವಾಗ ಒಳಗಿನ ಪ್ರೋಗ್ರಾಂಗೆ ಇದು ಗೊತ್ತಿರುತ್ತೆ. ರಿಕವರಿಗೆ ಗೊತ್ತಿಲ್ಲ. ಅದು ಬಂದದ್ದನ್ನು ಬಂದ ಹಾಗೇ ಫರ್ಮ್‌ವೇರ್ ಜಾಗದ ಮೊದಲಿನಿಂದ ಸುರಿಯುತ್ತೆ. ಕರ್ನಲ್ ಇರಬೇಕಾದ ಕಡೆ ಇನ್ನೊಂದು ಬೂಟ್‌ಲೋಡರ್ ಹೋಗಿ ಕೂತಿತ್ತು. ಹೀಗಾಗಿ ಮುಂದಿನದನ್ನು ಕತ್ತರಿಸಬೇಕು. 1,31,584 ಅಂದರೆ 512ರ 257 ತುಂಡು:

```
dd if=orig.bin of=wr841nv9_tp_recovery.bin bs=512 skip=257
```

ಲ್ಯಾಪ್‌ಟಾಪಲ್ಲಿ ಕತ್ತರಿಸಿ ಪೆನ್‌ಡ್ರೈವಲ್ಲಿ ತಂದು ಮೂರನೇ ಸಲ ಕೊಟ್ಟೆವು. ಅಷ್ಟೊತ್ತಿಗೆ ಬಂಡೀಪುರದ ರಾತ್ರಿ ಗೇಟು ಹಾಕೋ ಟೈಮು, ಊಟಿ ರಸ್ತೆಯ ಗಾಡಿಗಳ ಸದ್ದು ನಿಂತಿತ್ತು. ಬೀಗದ ದೀಪ, ಕತ್ತಲೆ, ಮತ್ತೆ ಪವರ್. ಒಂದು ನಿಮಿಷಕ್ಕೆ ವೈಫೈ ದೀಪ. ಮಾವನ ಮೊಬೈಲು ಜೇಬಲ್ಲೇ ಟಿಣ್ ಅಂದಿತು, ವಾಟ್ಸಾಪು.

ಆಮೇಲೆ ಬಸ್ಸಲ್ಲಿ ಯೋಚನೆ ಮಾಡಿ ಹೆದರಿದ್ದು ಇನ್ನೊಂದಕ್ಕೆ. ಫೈಲಲ್ಲಿ ಬೂಟ್‌ಲೋಡರೂ ಇತ್ತಲ್ಲ. ಅದನ್ನು ಬರೆಯುವ ಎರಡು ಬ್ಲಾಕಿನ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಿದ್ದರೆ? ರೀಸೆಟ್ ಬಟನ್ ಒತ್ತಿದ್ದನ್ನು ಗಮನಿಸೋ ಪ್ರೋಗ್ರಾಮೇ ಇರುತ್ತಿರಲಿಲ್ಲ. ಆಗ ರೌಟರ್ ಬಿಚ್ಚಿ, ಚಿಪ್ಪಿನ ಎಂಟು ಕಾಲಿಗೆ ಕ್ಲಿಪ್ ಹಾಕಿ, ಹೊರಗಿನ ಪ್ರೋಗ್ರಾಮರ್‌ನಿಂದ ಬರೆಯಬೇಕು.

ಇಂಥ ಅರ್ಧಂಬರ್ಧ ಫ್ಲಾಶನ್ನು ಬೇಕಂತಲೇ ಮಾಡಿದವರೂ ಇದ್ದಾರೆ. 2017ರ ಜುಲೈಯಲ್ಲಿ ಕರ್ನಾಟಕದಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್‌ನ ಸಾವಿರಾರು ಮೋಡೆಮ್‌ಗಳು ಒಟ್ಟಿಗೆ ಕೆಲಸ ನಿಲ್ಲಿಸಿದವು. ಬ್ರಿಕರ್‌ಬಾಟ್ ಅನ್ನೋ ಮಾಲ್‌ವೇರ್‌ನ ಕೆಲಸ ಅಂತ ಸುದ್ದಿಯಾಯಿತು. ಪಾಸ್‌ವರ್ಡ್ ಬದಲಾಯಿಸದೆ admin ಅಂತಲೇ ಬಿಟ್ಟಿದ್ದ ಮೋಡೆಮ್‌ಗಳು ಅದಕ್ಕೆ ಸುಲಭವಾಗಿ ಸಿಕ್ಕಿದವು. ಆ ಮಾಲ್‌ವೇರ್ ಒಳಗೆ ಹೋಗಿ ಮಾಡುತ್ತಿದ್ದದ್ದು ಇದೇ: ಫ್ಲಾಶ್ ಮೇಲೆ ಕಸ ಬರೆಯೋದು. ಕರೆಂಟು ಹೋಗಿ ನಮ್ಮಿಂದಾದದ್ದನ್ನು ಅದು ದೂರದಲ್ಲಿ ಕೂತು ಮಾಡುತ್ತಿತ್ತು.

ಹಾಗಾದರೆ ಸ್ಮಾರ್ಟ್ ಬಲ್ಬು, ಸ್ಮಾರ್ಟ್ ಪ್ಲಗ್ಗು? ಅವು ಕೇಳದೇ ರಾತ್ರಿ ಅಪ್‌ಡೇಟ್ ಆಗುತ್ತವೆ, ನಮ್ಮ ಕಡೆ ಕರೆಂಟಂತೂ ಕೇಳದೇ ಹೋಗುತ್ತೆ. ಅಂಥ ಸಾಧನಗಳಲ್ಲಿ ಬಳಸುವ ಇಎಸ್‌ಪಿ32 ಚಿಪ್ಪಿನ ಬೋರ್ಡು ಲ್ಯಾಬಲ್ಲಿತ್ತು. ಅದಕ್ಕೆ ವೈಫೈ ಮೇಲೆ ಅಪ್‌ಡೇಟ್ ಕಳಿಸುತ್ತಾ ನಡುವೆ ಕೇಬಲ್ ಕಿತ್ತು ನೋಡಿದೆವು. ಹತ್ತು ಸಲ ಕಿತ್ತರೂ ಹತ್ತು ಸಲವೂ ಹಳೇ ಪ್ರೋಗ್ರಾಮಿನಲ್ಲೇ ಎದ್ದು ಕೂತಿತು. ಅಲ್ಲಿ ಫ್ಲಾಶಲ್ಲಿ ಎರಡು ಮನೆ ಇವೆ, `ota_0` ಮತ್ತು `ota_1`. ಒಂದರಲ್ಲಿ ಓಡುತ್ತಿರುವಾಗ ಹೊಸದನ್ನು ಖಾಲಿ ಮನೆಗೆ ಬರೆಯುತ್ತೆ. ಪೂರ್ತಿಯಾಗಿ, ಚೆಕ್ ಆದಮೇಲೆ ಮಾತ್ರ, ಮುಂದಿನ ಸಲ ಯಾವ ಮನೆಯಿಂದ ಏಳಬೇಕು ಅನ್ನೋ ಚೀಟಿ ಬದಲಾಯಿಸುತ್ತೆ.

ಆ ಚೀಟಿ ಬರೆಯುವಾಗಲೇ ಕರೆಂಟು ಹೋದರೆ ಅಂತ ನಾವೂ ಕೇಳಿಕೊಂಡೆವು. ಚೀಟಿಯೂ ಎರಡು. `otadata` ಅನ್ನೋ ಜಾಗದಲ್ಲಿ 4 ಕೆಬಿಯ ಎರಡು ತುಂಡು, ಒಂದೊಂದರಲ್ಲೂ ಒಂದು ಕ್ರಮಸಂಖ್ಯೆ, ಅದಕ್ಕೊಂದು ಸಿಆರ್‌ಸಿ. ಒಂದು ಹಾಳಾದರೆ ಸಿಆರ್‌ಸಿ ಹೊಂದಲ್ಲ, ಇನ್ನೊಂದನ್ನು ನಂಬುತ್ತೆ. ಆದರೆ ಇದು ಕಾಯೋದು ಕರೆಂಟಿನಿಂದ ಮಾತ್ರ. ಸರಿಯಾಗಿ ಬರೆದ ಆದರೆ ತಪ್ಪು ಕೋಡಿರುವ ಫರ್ಮ್‌ವೇರ್ ಬಂದರೆ, ಹೊಸದು ಎದ್ದು 'ನಾನು ಸರಿಯಿದ್ದೀನಿ' ಅಂತ ಹೇಳುವ ತನಕ ಹಳೇದಕ್ಕೆ ವಾಪಸ್ ಹೋಗುವ ದಾರಿಯನ್ನು ತಯಾರಿಸಿದವರು ಬೇರೆಯಾಗಿ ಆನ್ ಮಾಡಿಟ್ಟಿರಬೇಕು. ಎಲ್ಲರೂ ಇಟ್ಟಿರಲ್ಲ. ಮತ್ತೆ ಎರಡು ಮನೆ ಬೇಕೆಂದರೆ ಫ್ಲಾಶೂ ಹೆಚ್ಚುಕಮ್ಮಿ ಎರಡರಷ್ಟು ಬೇಕು.

ಭಾನುವಾರ ಮಧ್ಯಾಹ್ನ ಮಾವ ಫೋನ್ ಮಾಡಿದ್ದರು. ಹುಡುಗರ ಅರ್ಜಿ ಎಲ್ಲ ಹೋಯಿತಂತೆ. ವೈಫೈ ಈಗಲೂ ಆಗಾಗ ನಿಲ್ಲುತ್ತಂತೆ. ಮುಂದಿನ ಸಲ ಹೋದಾಗ ನೋಡಿದರೆ ರೌಟರ್‌ನ ಪ್ಲಗ್ಗು ಯುಪಿಎಸ್‌ಗೆ ಬಂದಿತ್ತು, ಫ್ಯಾನು ಗೋಡೆಯ ಬೋರ್ಡಿಗೆ ಹೋಗಿತ್ತು. "ನೀವು ಬರ್ತೀರ ಅಂತ ಗೊತ್ತಿತ್ತಲ್ಲ" ಅಂದರು.