ಇಪ್ಪತ್ತು ಖರ್ಜೂರ ಮತ್ತು ಒಂದು ಲೋಟ ಕಬ್ಬಿನ ಹಾಲು

ನಾಗಮಂಗಲಕ್ಕೆ ಇನ್ನೂ ಆರೇಳು ಕಿಲೋಮೀಟರ್ ಇತ್ತು. ಮುಂದೆ ಹೋಗುತ್ತಿದ್ದ ಗೆಳೆಯನ ಸೈಕಲ್ ನಿಧಾನವಾಗಿ ರಸ್ತೆಯ ನಡುವಿಗೆ ಸರಿಯಿತು. ಹಿಂದಿನಿಂದ ಬಂದ ಲಾರಿಯವನು ಹಾರ್ನ್ ಹೊಡೆದು, ಬ್ರೇಕ್ ಹಾಕಿ, ಬೈದುಕೊಂಡು ಹೋದ. ಗೆಳೆಯನಿಗೆ ಅದು ಕೇಳಿಸಿದಂತೆಯೇ ಕಾಣಲಿಲ್ಲ. ಕೂಗಿ ನಿಲ್ಲಿಸಿದೆವು. ಬಿಸಿಲಲ್ಲೂ ಕೈ ತಣ್ಣಗಿತ್ತು, ಹಣೆಯಲ್ಲಿ ಬೆವರಿತ್ತು. "ಯಾವೂರಲ್ಲಿದೀವಿ ಹೇಳು" ಅಂದರೆ ಸಿಟ್ಟು ಮಾಡಿಕೊಂಡ. ಅವನ ಜೇಬಿನಲ್ಲಿ ಆಗಲೂ ಅರ್ಧ ಪ್ಯಾಕೆಟ್ ಖರ್ಜೂರ ಹಾಗೇ ಇತ್ತು.

ನಾವು ಮೂವರೂ ಸ್ಟ್ರಿಂಗರ್‌ಗಳು. ಸುದ್ದಿಗೆ ಇಷ್ಟು ಅಂತ ಕಾಸು ಬರುವ ಕೆಲಸ. ಬೈಕಿಗೆ ಪೆಟ್ರೋಲ್ ಹಾಕಿಸಲಾಗದ ದಿನಗಳಲ್ಲಿ ಸೈಕಲ್ ಹತ್ತಿ, ಆಮೇಲೆ ಅದೇ ಹುಚ್ಚಾಯಿತು. ಬ್ರೆವೆ ಅನ್ನುವ ದೂರದ ಸವಾರಿಗಳಿವೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಗಡುವು. ಹೀಗೇ ಹಂತ ಹಂತವಾಗಿ ಬೆಳೆದು, ನಾಲ್ಕು ವರ್ಷಕ್ಕೊಮ್ಮೆ ಫ್ರಾನ್ಸಿನಲ್ಲಿ ನಡೆಯುವ 1200 ಕಿ.ಮೀ.ನ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ವರೆಗೂ ಹೋಗುತ್ತದೆ. ನಮಗೆ ಫ್ರಾನ್ಸಿನ ಆಸೆ ಇರಲಿಲ್ಲ. ಮೊದಲು ನಮ್ಮ ಸೀಮೆಯಲ್ಲೇ 200 ಹೊಡೆದು ನೋಡೋಣ ಅಂದುಕೊಂಡೆವು. ಬೆಳಗಿನ ಐದಕ್ಕೆ ಶ್ರೀರಂಗಪಟ್ಟಣದಿಂದ ಹೊರಟು ಪಾಂಡವಪುರ, ಚಿನಕುರಳಿ, ಕೆ.ಆರ್.ಪೇಟೆ, ಕಿಕ್ಕೇರಿ, ಶ್ರವಣಬೆಳಗೊಳ, ಹಿರೀಸಾವೆ, ಬೆಳ್ಳೂರು ಕ್ರಾಸ್, ನಾಗಮಂಗಲ, ಜಕ್ಕನಹಳ್ಳಿ, ಮತ್ತೆ ಪಾಂಡವಪುರ. 

ಟೈರು, ಪಂಕ್ಚರ್ ಸಾಮಾನು, ಲೈಟು ಎಲ್ಲ ಲೆಕ್ಕ ಹಾಕಿದ್ದೆವು. ಊಟದ ಲೆಕ್ಕ ಮಾತ್ರ ಹಾಕಿರಲಿಲ್ಲ. "ಖರ್ಜೂರ ಇದ್ರೆ ಸಾಕು ಬಿಡಿ, ಮರುಭೂಮಿ ದಾಟೋರು ಅದನ್ನೇ ತಿನ್ನೋದು" ಅಂದವನು ಇದೇ ಗೆಳೆಯ.

ಅವತ್ತು ಅವನು ತಿಂದದ್ದನ್ನು ಆಮೇಲೆ ಕೂತು ಗಂಟೆವಾರು ಬರೆದೆವು. ಹೊರಡುವಾಗ ಎರಡು ಇಡ್ಲಿ. ಕಿಕ್ಕೇರಿ ದಾಟುವವರೆಗೆ, ಅಂದರೆ ಮೂರು ಗಂಟೆಗೂ ಹೆಚ್ಚು, ಬರೀ ನೀರು. ಹಸಿವಿರಲಿಲ್ಲ, ಅದಕ್ಕೇ ತಿನ್ನಲಿಲ್ಲ. ಶ್ರವಣಬೆಳಗೊಳದಲ್ಲಿ ನೆರಳಿಗೆ ಕೂತು ಒಂದೇ ಸಮನೆ ಇಪ್ಪತ್ತು ಖರ್ಜೂರ. ಹಿರೀಸಾವೆ ದಾಟುವಷ್ಟರಲ್ಲಿ ಹೊಟ್ಟೆ ಉಬ್ಬರಿಸಿ, ಹಿಡಿದುಕೊಂಡು, ಬೇಲಿ ಮರೆ ಹುಡುಕಬೇಕಾಯಿತು. ಅದರ ಭಯಕ್ಕೆ ಆಮೇಲೆ ಏನನ್ನೂ ಮುಟ್ಟಲಿಲ್ಲ. ಶಕ್ತಿಗೆ ಅಂತ ಬಾಟಲಿಗೆ ಓಆರ್‌ಎಸ್ ಪುಡಿ ಕಲಸಿಕೊಂಡು ಕುಡಿದ. ಎರಡು ಗಂಟೆ ಕಳೆಯುವಷ್ಟರಲ್ಲಿ ಲಾರಿಯ ಮುಂದಿದ್ದ.

ಇಲ್ಲಿ ಮೂರು ತಪ್ಪುಗಳಿವೆ. ಮೊದಲನೆಯದು, ಹಸಿವಾಗಲಿ ಅಂತ ಕಾದದ್ದು. ನಮ್ಮ ಸ್ನಾಯುಗಳಲ್ಲಿ ಮತ್ತು ಪಿತ್ತಜನಕಾಂಗದಲ್ಲಿ ಗ್ಲೈಕೋಜನ್ ಅನ್ನುವ ರೂಪದಲ್ಲಿ ಕೂಡಿಟ್ಟ ಕಾರ್ಬೋಹೈಡ್ರೇಟ್ ಇರುತ್ತದೆ. ಎಲ್ಲ ಸೇರಿ ಸುಮಾರು ಅರ್ಧ ಕೆಜಿ. ಮೈಯ ಕೊಬ್ಬು ದಿನಗಟ್ಟಲೆ ಉರಿಯುವಷ್ಟಿದ್ದರೂ, ಅದು ನಿಧಾನದ ಸೌದೆ. ಏರು ಬಂದಾಗ, ಎದುರುಗಾಳಿ ಬಂದಾಗ ದೇಹ ಕೇಳುವುದು ಈ ಅರ್ಧ ಕೆಜಿಯನ್ನೇ. ಮೂರ್ನಾಲ್ಕು ಗಂಟೆ ಏನೂ ಹಾಕದೆ ತುಳಿದರೆ ತಳ ಕಾಣುತ್ತದೆ. ಆಗ ರಕ್ತದ ಸಕ್ಕರೆ ಇಳಿಯುತ್ತದೆ. ಮೊದಲು ಕೈಕೊಡುವುದು ಕಾಲಲ್ಲ, ತಲೆ. ಕಾರಣವಿಲ್ಲದ ಸಿಟ್ಟು, ನಡುಕ, ತಣ್ಣನೆ ಬೆವರು, ನೇರ ಹೋಗಲಾರದ ಸೈಕಲ್. ಹಸಿವೆ ಮೊದಲೇ ಹೇಳುತ್ತದೆ ಅನ್ನುವ ಭರವಸೆ ಇಲ್ಲ. ಅದಕ್ಕೇ ಈ ಆಟದಲ್ಲಿ ಹೊಟ್ಟೆಯನ್ನು ಕೇಳಬಾರದು, ಗಡಿಯಾರವನ್ನು ನೋಡಬೇಕು.

ಎರಡನೆಯದು, ಒಂದೇ ಸಲ ಇಪ್ಪತ್ತು ಖರ್ಜೂರ. ನಮ್ಮ ಅಂಗಡಿಗಳಲ್ಲಿ ಸಿಗುವ ಸಣ್ಣ ಖರ್ಜೂರ ಒಂದರಲ್ಲಿ ಐದಾರು ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಇಪ್ಪತ್ತಕ್ಕೆ ನೂರು ಗ್ರಾಂ ದಾಟಿತು. ಜೊತೆಗೆ ಹತ್ತು ಗ್ರಾಂಗೂ ಹೆಚ್ಚು ನಾರು. ಮನೆಯಲ್ಲಿ ಕೂತಾಗ ನಾರು ಒಳ್ಳೆಯದೇ. ಆದರೆ ಪೆಡಲ್ ತುಳಿಯುವಾಗ ರಕ್ತವೆಲ್ಲ ಕಾಲಿಗೂ ಬೆವರುವ ಚರ್ಮಕ್ಕೂ ಓಡಿರುತ್ತದೆ, ಕರುಳಿಗೆ ಉಳಿಯುವುದು ಕಡಿಮೆ. ಅಂಥ ಹೊತ್ತಲ್ಲಿ ನಾರನ್ನೂ ಹೊರಲಾರದಷ್ಟು ಸಕ್ಕರೆಯನ್ನೂ ಒಟ್ಟಿಗೆ ಸುರಿದರೆ ಅದು ಅಲ್ಲೇ ನಿಲ್ಲುತ್ತದೆ, ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಉಬ್ಬರಿಸುತ್ತದೆ. ಆಮೇಲೆ ಬೇಲಿ ಮರೆ.

ಮೂರನೆಯದು ಓಆರ್‌ಎಸ್. ಅದು ಭೇದಿಯಾದವರಿಗೆ ನೀರು ಮತ್ತು ಉಪ್ಪು ಒಳಗಿಳಿಸಲು ಮಾಡಿದ್ದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ. ಮೂರು ಸಣ್ಣ ಖರ್ಜೂರದಷ್ಟೂ ಇಲ್ಲ. ಅದನ್ನು ಕುಡಿದು ಊಟವಾಯಿತು ಅಂದುಕೊಂಡರೆ ದಾರಿಯಲ್ಲಿ ಬೀಳುವುದೇ. ಎಳನೀರಿನದೂ ಇದೇ ಕತೆ. ದಾಹಕ್ಕೆ ಸರಿ, ಒಂದು ಕಾಯಲ್ಲಿ ಹತ್ತು ಗ್ರಾಂ ಆಸುಪಾಸು ಸಿಕ್ಕರೆ ಹೆಚ್ಚು.

ಅವತ್ತು ಅವನನ್ನು ಎಬ್ಬಿಸಿದ್ದು ರಸ್ತೆ ಬದಿಯ ಕಬ್ಬಿನ ಹಾಲಿನ ಗಾಡಿ. "ಏನ್ರಪ್ಪಾ, ಬಿಸ್ಲಲ್ಲಿ ಇಂಗ್ಯಾಕೆ ಸಾಯ್ತೀರಿ? ಕುಂತ್ಕಳಿ, ಮೊದ್ಲು ಇದ್ನ ಕುಡೀರಿ" ಅಂತ ಗಾಡಿಯ ಯಜಮಾನರು ಐಸ್ ಹಾಕದೆ ಒಂದು ಲೋಟ ಕೊಟ್ಟರು. ಗುಟುಕು ಗುಟುಕಾಗಿ ಕುಡಿಸಿದೆವು. ಹದಿನೈದು ಇಪ್ಪತ್ತು ನಿಮಿಷಕ್ಕೆ ಅವನ ಮುಖಕ್ಕೆ ಕಳೆ ಬಂತು, ಲಾರಿಯವನನ್ನು ಬೈಯಲು ಶುರುಮಾಡಿದ. ಸಕ್ಕರೆ ಇಳಿದು ಸುಸ್ತಾದವನಿಗೂ ಬೇರೆ ಕಾರಣಕ್ಕೆ ಸುಸ್ತಾದವನಿಗೂ ಇರುವ ವ್ಯತ್ಯಾಸ ಇದೇ. ಸಿಹಿ ಕೊಟ್ಟ ಸ್ವಲ್ಪ ಹೊತ್ತಿಗೆ ಚೇತರಿಸಿಕೊಳ್ಳದಿದ್ದರೆ, ವಾಂತಿ, ಗೊಂದಲ, ತೀರಾ ಮೈಸುಡುವುದು ಇದ್ದರೆ ಅದು ಬಿಸಿಲಿನ ಹೊಡೆತವೋ ಉಪ್ಪಿನ ಕೊರತೆಯೋ ಇರಬಹುದು. ಆಗ ಆಸ್ಪತ್ರೆಯೇ. ಅವತ್ತು ನಾವು ಜಕ್ಕನಹಳ್ಳಿ ಕಡೆ ತಿರುಗಲಿಲ್ಲ. ನಾಗಮಂಗಲದಲ್ಲಿ ಸೈಕಲ್‌ಗಳನ್ನು ಟೆಂಪೋಗೆ ಹಾಕಿಕೊಂಡು ವಾಪಸ್ ಬಂದೆವು.

ಆಮೇಲೆ ಓದಲು ಕೂತೆವು. ದೀರ್ಘ ವ್ಯಾಯಾಮದ ಆಹಾರದ ಬಗ್ಗೆ ಆಸ್ಕರ್ ಯೂಕೆಂಡ್ರಪ್ ಮುಂತಾದವರು ಮಾಡಿದ ಕೆಲಸದ ಸಾರ ಇಷ್ಟು. ಕರುಳಿನಿಂದ ರಕ್ತಕ್ಕೆ ಸಕ್ಕರೆ ಹೋಗಲು ಎರಡು ಬಾಗಿಲುಗಳಿವೆ. ಗ್ಲೂಕೋಸಿಗೆ ಒಂದು, ಫ್ರಕ್ಟೋಸಿಗೆ ಇನ್ನೊಂದು. ಗ್ಲೂಕೋಸಿನ ಬಾಗಿಲಲ್ಲಿ ಗಂಟೆಗೆ ಸುಮಾರು 60 ಗ್ರಾಂ ದಾಟಬಹುದು, ಅದಕ್ಕಿಂತ ಹೆಚ್ಚು ಬಂದರೆ ಸಂತೆಯ ನೂಕುನುಗ್ಗಲು. ಎರಡನ್ನೂ ಬೆರೆಸಿದರೆ ಗಂಟೆಗೆ 90 ಗ್ರಾಂವರೆಗೂ ಹೋಗುತ್ತದೆ. ಎರಡೂವರೆ ಗಂಟೆಗೂ ಮೀರಿದ ಓಟ, ಸವಾರಿಗಳಿಗೆ ಕೊಡುವ ಮೇಲಿನ ಮಿತಿ ಅದೇ. ವೃತ್ತಿಪರ ಸೈಕಲ್ ಸವಾರರು ಈಗ ನೂರನ್ನೂ ದಾಟುತ್ತಾರೆ, ಅದಕ್ಕೆ ಅವರ ಕರುಳು ತಿಂಗಳುಗಟ್ಟಲೆ ಪಳಗಿರುತ್ತದೆ. ನಮ್ಮಂಥವರ ನಿಧಾನದ ಸವಾರಿಗೆ 50ರಿಂದ 60 ಗ್ರಾಂ ಧಾರಾಳ.

ಇದನ್ನು ಓದಿ ನಾವು ನಕ್ಕೆವು. ನಮ್ಮ ಅಡುಗೆಮನೆಯ ಸಕ್ಕರೆಯ ಒಂದೊಂದು ಕಣವೂ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಎರಡು ಬಾಗಿಲಿಗೂ ಸಮಪಾಲು. ಸಕ್ಕರೆ ಕಾರ್ಖಾನೆಯ ಸುದ್ದಿ ಬರೆದೂ ಬರೆದೂ ಕೈ ಸವೆದ ಮಂಡ್ಯ ಜಿಲ್ಲೆಯವರು ನಾವು, ಒಂದು ಸುದ್ದಿಯ ಸಂಭಾವನೆಗಿಂತ ದುಬಾರಿಯಾದ ಜೆಲ್ ತರಿಸೋಣವೇ ಅಂತ ಯೋಚಿಸುತ್ತಿದ್ದೆವು.

ಈಗ ನಮ್ಮ ಒಂದು ಗಂಟೆಯ ಲೆಕ್ಕ ಹೀಗಿದೆ. 750 ಮಿ.ಲೀ. ಬಾಟಲಿಗೆ 45 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆಹಣ್ಣು. ಸಕ್ಕರೆಯನ್ನು ತಕ್ಕಡಿಯಲ್ಲೇ ತೂಗುತ್ತೇವೆ, ಕಣ್ಣಳತೆ ಮೋಸ ಮಾಡುತ್ತದೆ. ನೂರು ಮಿ.ಲೀ.ಗೆ ಆರು ಗ್ರಾಂ ಬಂದರೆ ಹೊಟ್ಟೆ ಬೇಗ ಖಾಲಿಯಾಗುತ್ತದೆ. ಅದರ ಜೊತೆ ಎರಡು ಖರ್ಜೂರ, ಬೀಜ ತೆಗೆದದ್ದು, ಇಪ್ಪತ್ತನೇ ನಿಮಿಷಕ್ಕೆ ಒಂದು, ನಲವತ್ತಕ್ಕೆ ಇನ್ನೊಂದು. ಒಟ್ಟು 55ರ ಹತ್ತಿರ. ಫೋನಿನಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಅಲಾರಂ ಕೂಗುತ್ತದೆ. ಹಸಿವಿರಲಿ ಬಿಡಲಿ, ಒಂದು ತುತ್ತು, ನಾಲ್ಕು ಗುಟುಕು.

ಬೆಲ್ಲವೂ ಆಗುತ್ತದೆ, ಅದೂ ಮುಕ್ಕಾಲುಪಾಲು ಇದೇ ಸಕ್ಕರೆಯೇ. ಆದರೆ ಅಚ್ಚಿನಿಂದ ಅಚ್ಚಿಗೆ ಹದ ಬೇರೆ, ಸೋಸದಿದ್ದರೆ ಬಾಟಲಿಯ ಮೂತಿ ಕಟ್ಟಿಕೊಳ್ಳುತ್ತದೆ. ನಾವು ಅದನ್ನು ಜೆಲ್‌ಗೆ ಇಟ್ಟುಕೊಂಡಿದ್ದೇವೆ. ನೂರು ಗ್ರಾಂ ಬೆಲ್ಲವನ್ನು ಅರ್ಧ ಲೋಟ ನೀರಲ್ಲಿ ಕರಗಿಸಿ, ಸೋಸಿ, ಚಿಟಿಕೆ ಉಪ್ಪು ಹಾಕಿ, ಸ್ವಲ್ಪ ಗಟ್ಟಿಯಾಗುವವರೆಗೆ ಕುದಿಸಿ ಸಣ್ಣ ಬಾಟಲಿಗೆ ತುಂಬುತ್ತೇವೆ. ಕಾಲು ಭಾಗ ಹಿಂಡಿಕೊಂಡರೆ ಅಂಗಡಿಯ ಒಂದು ಜೆಲ್‌ನಷ್ಟು, ಅಂದರೆ ಇಪ್ಪತ್ತು ಗ್ರಾಂ ಚಿಲ್ಲರೆ. ಮನೆಯದಾಗಲಿ ಅಂಗಡಿಯದಾಗಲಿ, ಜೆಲ್ ತಿಂದ ಮೇಲೆ ಬರೀ ನೀರು ಕುಡಿಯಬೇಕು. ಸಕ್ಕರೆ ನೀರು ಕುಡಿದರೆ ಹೊಟ್ಟೆಯಲ್ಲಿ ಪಾಕವೇ ಆಗುತ್ತದೆ. ಅದಕ್ಕೇ ಎರಡನೇ ಬಾಟಲಿಯಲ್ಲಿ ಯಾವಾಗಲೂ ಬರೀ ನೀರಿರುತ್ತದೆ.

ಖರ್ಜೂರವನ್ನು ಬೆಳಗಿನ ಆರು ಗಂಟೆಗಳಿಗೆ ಮಾತ್ರ ಇಟ್ಟುಕೊಂಡೆವು. ಬಿಸಿಲು ಏರಿದ ಮೇಲೆ ಅಗಿಯಲು ಬೇಸರ, ಬಾಯಿ ಒಣಗಿರುತ್ತದೆ. ಆಗ ಬಾಟಲಿ ಮತ್ತು ಪಾಕ. ಕಬ್ಬಿನ ಹಾಲು ಸಿಕ್ಕರೆ ಕುಡಿಯುತ್ತೇವೆ, ಆದರೆ ಒಂದು ಲೋಟದಲ್ಲೇ ಮೂವತ್ತು ಗ್ರಾಂಗೂ ಹೆಚ್ಚು ಸಕ್ಕರೆ ಇದ್ದು, ನಮ್ಮ ಬಾಟಲಿಗಿಂತ ಎರಡರಷ್ಟು ಗಾಢ. ಅರ್ಧ ಲೋಟ, ಐಸ್ ಬೇಡ, ಮೇಲೆ ನೀರು.

ಇದೂ ಒಂದೇ ದಿನಕ್ಕೆ ಒಗ್ಗಲಿಲ್ಲ. ಮೊದಲ ಭಾನುವಾರ ಗಂಟೆಗೆ 30 ಗ್ರಾಂನಿಂದ ಶುರುಮಾಡಿ, ವಾರಕ್ಕೆ ಹತ್ತರಂತೆ ಏರಿಸಿದೆವು. 50ಕ್ಕೆ ಬಂದಾಗ ಒಬ್ಬನಿಗೆ ಹೊಟ್ಟೆಯಲ್ಲಿ ನೀರು ಕುಲುಕಾಡತೊಡಗಿತು, ತೇಗು ನಿಲ್ಲಲಿಲ್ಲ. ಅದು ಕರುಳು ಹಿಂದೆ ಬಿದ್ದಿದೆ ಅನ್ನುವ ಗುರುತು. ತಿನ್ನುವುದನ್ನು ಅರ್ಧ ಗಂಟೆ ನಿಲ್ಲಿಸಿ, ವೇಗ ಇಳಿಸಿ, ಬರೀ ನೀರು ಗುಟುಕರಿಸಿದಾಗ ಸರಿಹೋಯಿತು. ಸಕ್ಕರೆ ಕಾಯಿಲೆ ಇರುವವರು ಮಾತ್ರ ಈ ಲೆಕ್ಕವನ್ನು ಹೀಗೇ ಎತ್ತಿಕೊಳ್ಳಬಾರದು, ಅವರ ಲೆಕ್ಕವನ್ನು ವೈದ್ಯರ ಜೊತೆ ಕೂತೇ ಹಾಕಬೇಕು.

ಅದೇ ದಾರಿಯನ್ನು ಎರಡು ತಿಂಗಳ ಮೇಲೆ ಮತ್ತೆ ಹಿಡಿದೆವು. ಹತ್ತು ಗಂಟೆ ಚಿಲ್ಲರೆ ತುಳಿತ, ನಿಲುಗಡೆಗಳೂ ಸೇರಿ ಹನ್ನೆರಡೂವರೆ. ತಲಾ ಐದುನೂರು ಗ್ರಾಂ ಮೇಲೆ ಒಳಗೆ ಹೋಗಿತ್ತು, ಬೇಲಿ ಮರೆಗೆ ಯಾರೂ ಓಡಲಿಲ್ಲ. ನಾಗಮಂಗಲದ ಹತ್ತಿರ ಅದೇ ಗಾಡಿಯ ಮುಂದೆ ನಿಂತೆವು. ಯಜಮಾನರು ಗುರುತು ಹಿಡಿದು "ಇವತ್ತು ನೆಟ್ಟಗಿದ್ದೀರಲ್ಲಪ್ಪ" ಅಂದರು. ಅರ್ಧ ಲೋಟ ಕೇಳಿದ್ದಕ್ಕೆ ಬೇಜಾರು ಮಾಡಿಕೊಂಡು ಪೂರ್ತಿ ತುಂಬಿಸಿದರು. ಅಷ್ಟರಲ್ಲಿ ಗೆಳೆಯನ ಜೇಬಿನಲ್ಲಿ ಅಲಾರಂ ಕೂಗಿತು. ಲೋಟವನ್ನು ಮೂವರೂ ಹಂಚಿಕೊಂಡು, ಜಕ್ಕನಹಳ್ಳಿ ಕಡೆಗೆ ಹೊರಟೆವು.